ಬಟೂರಾ ಉಬ್ಬಬೇಕಂದ್ರೆ ರೊಟ್ಟಿಯ ಕೈ ಮರೀಬೇಕು

ರಾಯಚೂರಿನಲ್ಲಿ ಜೋಳದ ರೊಟ್ಟಿ ಬಡಿದು ಬಡಿದೇ ನನ್ನ ಕೈ ಪಳಗಿದ್ದು. ಆ ಕೈಯೇ ಶುರುವಿನಲ್ಲಿ ನನ್ನ ಬಟೂರಾ ಕೆಡಿಸಿತ್ತು. ರೊಟ್ಟಿಗೆ ಎಸರು ಕುದಿಸಿ ಹಿಟ್ಟಿಗೆ ಹಾಕುತ್ತೇವೆ ಅಲ್ವಾ, ಅದೇ ರೂಢಿಯಲ್ಲಿ ಮೊದಲ ಸಲ ಈಸ್ಟ್ ಮೇಲೂ ಸುಡುವ ನೀರು ಸುರಿದೆ. ಈಸ್ಟ್ ಸತ್ತೇ ಹೋಯಿತು, ಮೂರು ತಾಸು ಬಿಟ್ಟರೂ ಹಿಟ್ಟು ಇದ್ದಲ್ಲೇ ಇತ್ತು. ಚಳಿಗಾಲದಲ್ಲಿ ಬೆರಳು ಅದ್ದಿದರೆ ಹಿತವಾಗಿ ಬೆಚ್ಚಗಿರುವಷ್ಟು ನೀರು ಸಾಕು. ಬೇಸಿಗೆಯಲ್ಲಿ ನಮ್ಮ ಊರಿನ ಟ್ಯಾಂಕಿನ ನೀರೇ ಬಿಸಿ ಬರುತ್ತದೆ, ಹಾಗಾಗಿ ನಾನು ಗಡಿಗೆ ನೀರು ಹಾಕುತ್ತೇನೆ.

ಅಳತೆ ಇಷ್ಟೇ. ಎರಡು ಕಪ್ ಮೈದಾ, ಎರಡು ಚಮಚ ಸಣ್ಣ ರವೆ, ಕಾಲು ಕಪ್ ಮೊಸರು, ಅರ್ಧ ಚಮಚ ಇನ್‌ಸ್ಟಂಟ್ ಈಸ್ಟ್, ಒಂದು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಒಂದು ದೊಡ್ಡ ಚಮಚ ಎಣ್ಣೆ. ನೀರು ಸ್ವಲ್ಪ ಸ್ವಲ್ಪವೇ ಹಾಕಿ, ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲಸಿ, ಅಂಟುವುದು ಬಿಟ್ಟು ನುಣುಪಾಗುವ ತನಕ ಹತ್ತು ನಿಮಿಷ ಚೆನ್ನಾಗಿ ನಾದಬೇಕು.

ನಮ್ಮ ಕಡೆ ಹೆಚ್ಚು ಜನ ಎಡವುವುದು ಹಿಟ್ಟು ನೆನೆಯಲು ಬಿಡುವಲ್ಲಿ. ಹೋದ ಮೇ ತಿಂಗಳು ಮೊಮ್ಮಕ್ಕಳು ಬಂದಿದ್ದರು. ಸೊಸೆ ಮೊಬೈಲ್ ನೋಡಿ "ಎರಡು ತಾಸು ಬಿಡಬೇಕಂತೆ ಅತ್ತೆ" ಅಂದಳು, ನಾನೂ ಸರಿ ಅಂದೆ. ಹತ್ತಕ್ಕೆ ಕಲಸಿದ ಹಿಟ್ಟನ್ನು ಹನ್ನೆರಡಕ್ಕೆ ತೆರೆದರೆ ಹುಳಿ ವಾಸನೆ, ನಡುವೆ ಕುಸಿದು ಹೋಗಿತ್ತು, ಮೇಲೆಲ್ಲ ತೂತು. ಲಟ್ಟಿಸಿದರೆ ಹರಿಯುತ್ತಿತ್ತು. ಎಣ್ಣೆಗೆ ಬಿಟ್ಟರೆ ಒಂದು ಮೂಲೆಯಲ್ಲಿ ಗುಳ್ಳೆ ಎದ್ದಿತು, ಉಳಿದದ್ದು ಚಪ್ಪಟೆ, ಹಿಂಡಿದರೆ ಎಣ್ಣೆ. ಎರಡು ಕರಿದು ನೋಡಿ ಉಳಿದ ಹಿಟ್ಟಿಗೆ ಈರುಳ್ಳಿ ಹಾಕಿ ತವೆಯ ಮೇಲೆ ಬೇಯಿಸಿ ಕೊಟ್ಟೆ, ಮಕ್ಕಳು ತಕರಾರಿಲ್ಲದೆ ತಿಂದವು.

ಬಟೂರಾವನ್ನು ಬುಗ್ಗೆಯಂತೆ ಎತ್ತುವುದು ಈಸ್ಟ್ ಅಲ್ಲ. ಈಸ್ಟ್ ಹಿಟ್ಟನ್ನು ಹಗುರ, ಮೆತ್ತಗೆ ಮಾಡುತ್ತದೆ. ಎಣ್ಣೆಯಲ್ಲಿ ಅದು ಉಬ್ಬುವುದು ಹಿಟ್ಟಿನೊಳಗಿನ ನೀರು ಆವಿಯಾಗಿ ಒಳಗೇ ಸಿಕ್ಕಿಹಾಕಿಕೊಳ್ಳುವುದರಿಂದ. ಹಿಟ್ಟು ಅತಿಯಾಗಿ ಹುಳಿತರೆ ಅದರ ಎಳೆ ಸಡಿಲಾಗಿ ಆವಿ ನಿಲ್ಲುವುದಿಲ್ಲ, ಆ ಜಾಗದಲ್ಲಿ ಎಣ್ಣೆ ಹೋಗುತ್ತದೆ. ಅದಕ್ಕೇ ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಸುಮಾರು ಎರಡರಷ್ಟಾಗಬೇಕು. ಎಣ್ಣೆ ಹಚ್ಚಿದ ಬೆರಳು ಒತ್ತಿ ತೆಗೆದರೆ ಗುಳಿ ನಿಧಾನಕ್ಕೆ ಅರ್ಧ ತುಂಬಬೇಕು. ಥಟ್ಟನೆ ತುಂಬಿದರೆ ಇನ್ನೂ ಬಿಡಿ, ತುಂಬದೇ ಸುತ್ತಲೂ ಕುಸಿದರೆ ತಡವಾಯಿತು. ಮುಂದಿನ ಭಾನುವಾರ ಈಸ್ಟ್ ಕಾಲು ಚಮಚಕ್ಕೆ ಇಳಿಸಿದೆ, ಮುಕ್ಕಾಲು ತಾಸಿಗೇ ಹಿಟ್ಟು ತಯಾರಾಗಿತ್ತು. ಚಳಿಯಲ್ಲಿ ಅರ್ಧ ಚಮಚಕ್ಕೂ ಒಂದೂವರೆ ತಾಸು ಬೇಕಾಗುತ್ತದೆ.

ಉಂಡೆ ಮಾಡಿದ ಮೇಲೆ ಇನ್ನೊಮ್ಮೆ ಹತ್ತು ನಿಮಿಷ ಒದ್ದೆ ಬಟ್ಟೆ ಮುಚ್ಚಿ ಬಿಡಿ. ಇದನ್ನು ಬಿಟ್ಟರೆ ಲಟ್ಟಿಸಿದ ಹಾಗೆಲ್ಲ ಹಿಟ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ, ನೀವು ಸಿಟ್ಟಿನಿಂದ ಒತ್ತುತ್ತೀರಿ, ಒಂದು ಕಡೆ ತೆಳು ಒಂದು ಕಡೆ ದಪ್ಪ ಆಗುತ್ತದೆ. ಲಟ್ಟಿಸುವಾಗ ಒಣ ಹಿಟ್ಟು ಉದುರಿಸಬೇಡಿ. ಇದೂ ರೊಟ್ಟಿಯ ಚಾಳಿ. ಆ ಹಿಟ್ಟು ಬಾಣಲೆಯ ತಳಕ್ಕೆ ಹೋಗಿ ಸುಟ್ಟು, ಮೂರನೇ ಬಟೂರಾದಿಂದಲೇ ಕರಿ ಚುಕ್ಕೆ ಮತ್ತು ಕಹಿ. ಮಣೆಗೆ ಎರಡು ಹನಿ ಎಣ್ಣೆ ಸವರಿ, ಪೂರಿಗಿಂತ ತುಸು ದಪ್ಪ ಇರಲಿ, ಮಡಿಕೆ ತೂತು ಇರದಿರಲಿ.

ಎಣ್ಣೆಯ ಕಾವು ಸುಮಾರು 180 ರಿಂದ 190 ಡಿಗ್ರಿ. ಥರ್ಮಾಮೀಟರ್ ಯಾರ ಮನೆಯಲ್ಲಿದೆ? ಕಡಲೆಕಾಳಿನಷ್ಟು ಹಿಟ್ಟು ಹಾಕಿ ನೋಡಿ. ತಳದಲ್ಲಿ ಕೂತು ನಿಧಾನಕ್ಕೆ ಎದ್ದರೆ ಕಾವು ಸಾಲದು, ಆಗ ಬಿಟ್ಟರೆ ಚಪ್ಪಟೆಯಾಗಿ ಎಣ್ಣೆ ಕುಡಿಯುತ್ತದೆ. ಬಿದ್ದ ಕೂಡಲೇ ಕೆಂಪಾದರೆ, ಹೊಗೆ ಬಂದರೆ ಉರಿ ತಗ್ಗಿಸಿ. ಇಲ್ಲವಾದರೆ ಮೇಲೆ ಬೇಗ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ. ಕೂಡಲೇ ಮೇಲೆದ್ದು, ಬಿಳಿಯಾಗೇ ಗುಳ್ಳೆ ಬಿಡುತ್ತ ಆಡಿದರೆ ಸರಿ. ಬಟೂರಾವನ್ನು ಬಾಣಲೆ ಅಂಚಿನಿಂದ ಜಾರಿಸಿ, ಎದ್ದ ತಕ್ಷಣ ಜಾಲರಿ ಸೌಟಿನಿಂದ ಮೆಲ್ಲಗೆ ಅದುಮಿ, ಚುಚ್ಚಬೇಡಿ. ಉಬ್ಬಿದ ಮೇಲೆ ಒಮ್ಮೆ ಮಾತ್ರ ತಿರುವಿ. ಒಂದು ಬಾರಿಗೆ ಒಂದೇ, ಮುಂದಿನದಕ್ಕೆ ಮೊದಲು ಎಣ್ಣೆ ಮತ್ತೆ ಕಾಯಲು ಅರ್ಧ ನಿಮಿಷ ಕೊಡಿ.

ತಿಳಿ ಬಂಗಾರದ ಬಣ್ಣ ಬಂದ ಕೂಡಲೇ ತೆಗೆಯಿರಿ, ಕೆಂಪಗೆ ಕರಿದರೆ ಒಣಗಿ ಹಪ್ಪಳವಾಗುತ್ತದೆ. ಬಿಸಿಯಿದ್ದಾಗಲೇ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಿದರೆ ಮುಚ್ಚಳದಿಂದ ನೀರು ತೊಟ್ಟಿಕ್ಕಿ ಜಿಗುಟಾಗುತ್ತದೆ. ಬಟ್ಟೆ ಹಾಸಿದ ಬುಟ್ಟಿಯಲ್ಲಿ ಒಂದರ ಮೇಲೊಂದು ಇಟ್ಟು ಮೇಲೆ ಬಟ್ಟೆ ಹೊದಿಸಿ. ನಾನು ಬಳಸುವುದು ರೊಟ್ಟಿ ಬುಟ್ಟಿಯೇ, ಇದೊಂದರಲ್ಲಿ ರೊಟ್ಟಿಯ ರೂಢಿ ಕೆಲಸಕ್ಕೆ ಬಂತು.