ಸ್ಲೈಡ್‌ಗಳ ಮೊತ್ತ ತಾಳೆಯಾಗದೆ ಹೋದಾಗ

ಕೋಲಾರದ ಸುತ್ತಲಿನ ಟೊಮೆಟೊ ಬೆಳೆಗಾರರು ಸೇರಿ ಕಟ್ಟಿಕೊಂಡ ಒಂದು ರೈತ ಉತ್ಪಾದಕರ ಕಂಪನಿಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮಂಡಿಗೆ ಹೋಗುವ ಮೊದಲು ಹಣ್ಣನ್ನು ವಿಂಗಡಿಸಿ, ಬೆಲೆ ಬಿದ್ದ ಒಂದೆರಡು ದಿನ ತಂಪಿನಲ್ಲಿಡಲು ನಮ್ಮದೇ ಶೆಡ್ ಬೇಕು ಎಂದು ನಿರ್ದೇಶಕರು ತೀರ್ಮಾನಿಸಿದರು. ಯೋಜನೆ ಸಿದ್ಧಪಡಿಸಿದ ಸಲಹೆಗಾರರು ಸ್ಲೈಡ್‌ಗಳ ಪಿಡಿಎಫ್ ಕಳುಹಿಸಿದರು. ಕೊನೆಯ ಸ್ಲೈಡ್‌ನಲ್ಲಿ ದಪ್ಪ ಅಕ್ಷರದಲ್ಲಿ ಒಟ್ಟು ವೆಚ್ಚ 64.90 ಲಕ್ಷ ರೂಪಾಯಿ ಎಂದಿತ್ತು. ಬ್ಯಾಂಕಿಗೆ ಕೊಡುವ ಮೊದಲು ಬಾಬ್ತುವಾರು ಪಟ್ಟಿ ಮಾಡಿಕೊಡಿ ಎಂದು ಅಧ್ಯಕ್ಷರು ನನಗೆ ಹೇಳಿದರು.

ಮೊದಲ ಸಂಜೆ ನಾನು ಸ್ಲೈಡ್‌ನಿಂದ ಅಂಕಿಗಳನ್ನು ನಕಲು ಮಾಡಿ ಎಕ್ಸೆಲ್‌ನಲ್ಲಿ ಅಂಟಿಸಿದೆ. ಯಂತ್ರೋಪಕರಣಗಳ ಮೊತ್ತ 16.15 ಲಕ್ಷ ಬಂತು. ಕಣ್ಣಳತೆಯಲ್ಲೇ ಅದು ಕಡಿಮೆ ಎನಿಸಿತು. ನೋಡಿದರೆ ಜನರೇಟರ್‌ನ ಸಾಲಿನಲ್ಲಿ ಮಾತ್ರ ಅಂಕಿಯ ಮುಂದೆ "ರೂ." ಎಂದು ಬರೆದಿದ್ದರು. ಹಾಗೆ ಅಂಟಿಸಿದ್ದನ್ನು ಎಕ್ಸೆಲ್ ಸಂಖ್ಯೆ ಎಂದು ಓದುವುದಿಲ್ಲ, ಪದ ಎಂದು ಓದುತ್ತದೆ. ಮೊತ್ತ ಹಾಕುವಾಗ ಸದ್ದಿಲ್ಲದೆ ಅದನ್ನು ಬಿಟ್ಟುಬಿಡುತ್ತದೆ, ತಪ್ಪೆಂದು ತೋರಿಸುವುದೂ ಇಲ್ಲ. ಗುರುತು ಒಂದೇ: ಉಳಿದ ಅಂಕಿಗಳು ಚೌಕದ ಬಲಬದಿಗೆ ನಿಂತಿರುತ್ತವೆ, ಇದು ಎಡಬದಿಗೆ ಅಂಟಿಕೊಂಡಿರುತ್ತದೆ. ಅಂದಿನಿಂದ ನಾನು ಅಂಕಿಗಳನ್ನು ಕೈಯಿಂದಲೇ ಟೈಪ್ ಮಾಡುತ್ತೇನೆ. ಹದಿನೈದಿಪ್ಪತ್ತು ಸಾಲುಗಳಿಗೆ ಅದು ದೊಡ್ಡ ಕೆಲಸವಲ್ಲ, ಮೇಲಾಗಿ ಪ್ರತಿ ಅಂಕಿಯನ್ನೂ ಒಮ್ಮೆ ನಿಜವಾಗಿ ಓದಿದಂತಾಗುತ್ತದೆ.

ಪಟ್ಟಿಯ ಮೊದಲ ಕಂಬದಲ್ಲಿ ಬಾಬ್ತಿನ ಹೆಸರು ಬರೆಯುವುದಿಲ್ಲ, ಸ್ಲೈಡ್ ಸಂಖ್ಯೆ ಬರೆಯುತ್ತೇನೆ. ಆಮೇಲೆ ಬಾಬ್ತು, ಪ್ರಮಾಣ, ದರ, ನಾನು ಗುಣಿಸಿದ ಮೊತ್ತ, ಸ್ಲೈಡ್‌ನಲ್ಲಿ ಮುದ್ರಿತವಾದ ಮೊತ್ತ, ಎರಡರ ವ್ಯತ್ಯಾಸ. ಕೊನೆಯ ಕಂಬ ತೆರಿಗೆಯದು: ಸೇರಿದೆಯೋ, ಬೇರೆಯೋ. ಸ್ಲೈಡ್‌ನ ಮೊತ್ತವನ್ನು ನಂಬಿ ಅದನ್ನೇ ನನ್ನ ಮೊತ್ತದ ಕಂಬಕ್ಕೆ ತಂದರೆ ತಾಳೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಆದ್ದರಿಂದ ಆ ಎರಡು ಕಂಬಗಳನ್ನು ಎಂದೂ ಬೆರೆಸುವುದಿಲ್ಲ.

```
E2:  =C2*D2
G2:  =E2-F2
ಸ್ಲೈಡ್ 8:  =SUMIFS(E:E,A:A,8)
```

ಸ್ಲೈಡ್ 6ರ ಕಟ್ಟಡ ಕಾಮಗಾರಿ 25,50,000 ರೂಪಾಯಿ ತಕರಾರಿಲ್ಲದೆ ತಾಳೆಯಾಯಿತು. ತೊಡಕು ಶುರುವಾದದ್ದು ಸ್ಲೈಡ್ 8ರಲ್ಲಿ.

| ಬಾಬ್ತು | ಪ್ರಮಾಣ | ದರ | ಮೊತ್ತ |
|---|---|---|---|
| ಶೀತಲ ಕೊಠಡಿ | 1 | 12,40,000 | 12,40,000 |
| ಡೀಸೆಲ್ ಜನರೇಟರ್ | 1 | 5,60,000 | 5,60,000 |
| ಸ್ಟೀಲ್ ವಿಂಗಡಣೆ ಮೇಜು | 6 | 45,000 | 2,70,000 |
| ಎಲೆಕ್ಟ್ರಾನಿಕ್ ತಕ್ಕಡಿ | 3 | 35,000 | 1,05,000 |
| ನನ್ನ ಮೊತ್ತ | | | 21,75,000 |

ಸ್ಲೈಡ್ ಹೇಳಿದ್ದು 25.67 ಲಕ್ಷ. ಹತ್ತಿರಹತ್ತಿರ ನಾಲ್ಕು ಲಕ್ಷದ ಅಂತರ. ಇಂಥ ವ್ಯತ್ಯಾಸ ಕಂಡಾಗ ನಾನು ಸಾಲುಗಳನ್ನು ಮತ್ತೆ ಕೂಡುತ್ತಾ ಕೂರುವುದಿಲ್ಲ. ವ್ಯತ್ಯಾಸವನ್ನು ನನ್ನ ಮೊತ್ತದಿಂದ ಭಾಗಿಸಿ ನೋಡುತ್ತೇನೆ. 3,92,000ವನ್ನು 21,75,000ದಿಂದ ಭಾಗಿಸಿದರೆ ಶೇ 18ಕ್ಕೆ ಕೂದಲೆಳೆಯಷ್ಟು ಹೆಚ್ಚು. ಅಲ್ಲಿಗೆ ಕಾರಣ ತಿಳಿಯಿತು: ಸಾಲುಗಳಲ್ಲಿ ಜಿಎಸ್‌ಟಿ ಇಲ್ಲ, ಮೊತ್ತದಲ್ಲಿ ಇದೆ. ಶೇ 18ರಂತೆ ತೆರಿಗೆ 3,91,500, ಸೇರಿಸಿದರೆ 25,66,500. ಅದನ್ನೇ ಲಕ್ಷಕ್ಕೆ ಎರಡು ದಶಾಂಶ ಉಳಿಸಿ 25.67 ಮಾಡಿದ್ದರು. ಉಳಿದ 500 ರೂಪಾಯಿ ಆ ಪೂರ್ಣಾಂಕದ್ದು. ಸ್ಲೈಡ್‌ನ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ "ತೆರಿಗೆ ಪ್ರತ್ಯೇಕ" ಎಂದೂ ಇತ್ತು, ನಾನು ಮೊದಲು ಗಮನಿಸಿರಲಿಲ್ಲ.

ಈ ತೆರಿಗೆಯನ್ನು ವೆಚ್ಚದಿಂದ ಬಿಡಬಹುದಲ್ಲವೇ, ಆಮೇಲೆ ವಾಪಸು ಪಡೆಯಬಹುದಲ್ಲವೇ ಎಂದು ಒಬ್ಬ ನಿರ್ದೇಶಕರು ಕೇಳಿದರು. ನಮ್ಮ ವಿಷಯದಲ್ಲಿ ಆಗುವುದಿಲ್ಲ. ತಾಜಾ ಟೊಮೆಟೊ ಮಾರಾಟಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಮಾರುವ ಸರಕಿನ ಮೇಲೆ ತೆರಿಗೆಯೇ ಇಲ್ಲದಿದ್ದರೆ ಅದಕ್ಕಾಗಿ ಕೊಂಡ ಯಂತ್ರದ ಮೇಲೆ ಕಟ್ಟಿದ ತೆರಿಗೆ ಹಿಂದಿರುಗುವುದಿಲ್ಲ. ಹಾಗಾಗಿ 3,91,500ವನ್ನು ಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ಬರೆದು ವೆಚ್ಚದಲ್ಲೇ ಇಟ್ಟೆ.

ಮುಂದಿನದು ಸ್ಲೈಡ್ 11, ಮೊದಲ ವರ್ಷದ ನಿರ್ವಹಣೆ. ನಾಲ್ವರ ಸಂಬಳ 6,72,000, ವಿದ್ಯುತ್ 2,16,000, ಪ್ಲಾಸ್ಟಿಕ್ ಕ್ರೇಟ್ 2,00,000, ಯಂತ್ರಗಳ ಸಾಗಣೆ ಮತ್ತು ಜೋಡಣೆ 85,000. ಕೂಡಿದರೆ 11,73,000. ಸ್ಲೈಡ್‌ನಲ್ಲೂ 11.73 ಲಕ್ಷ. ಇಷ್ಟಕ್ಕೆ ಸಮಾಧಾನಪಟ್ಟಿದ್ದರೆ ತಪ್ಪು ಹಾಗೇ ಉಳಿಯುತ್ತಿತ್ತು. ಮೊತ್ತ ತಾಳೆಯಾಯಿತು ಎಂದರೆ ಕೂಡುವಿಕೆ ಸರಿ ಎಂದಷ್ಟೇ ಅರ್ಥ, ಆ ಬಾಬ್ತು ಅಲ್ಲಿರಬೇಕೇ ಎಂಬುದಕ್ಕೆ ಅದು ಉತ್ತರ ಕೊಡುವುದಿಲ್ಲ. ನಾನು ಪಟ್ಟಿಯನ್ನು ಬಾಬ್ತಿನ ಹೆಸರಿನ ಪ್ರಕಾರ ಒಮ್ಮೆ ಜೋಡಿಸಿ, ಒಂದೇ ಬಗೆಯ ಮಾತು ಎಲ್ಲೆಲ್ಲಿ ಬಂದಿದೆ ಎಂದು ಹುಡುಕಿದೆ. ಯಂತ್ರಗಳ ದರಪಟ್ಟಿಗಳನ್ನು ತೆಗೆದು ಓದಿದಾಗ ಎಲ್ಲದರಲ್ಲೂ "ಸಾಗಣೆ, ಜೋಡಣೆ ಸೇರಿ" ಎಂದಿತ್ತು. ಅಂದರೆ ಅದೇ ಕೆಲಸದ ಹಣ ಸ್ಲೈಡ್ 8ರ ದರದೊಳಗೆ ಒಮ್ಮೆ, ಸ್ಲೈಡ್ 11ರಲ್ಲಿ ಇನ್ನೊಮ್ಮೆ. 85,000 ತೆಗೆದುಹಾಕಿದೆ.

ಇನ್ನು ಒಟ್ಟು ಮೊತ್ತ. ಸ್ಲೈಡ್‌ಗಳು ತಾವೇ ಹೇಳಿಕೊಂಡ ಮೂರು ಮೊತ್ತ, 25.50, 25.67, 11.73, ಕೂಡಿದರೆ 62.90. ಕೊನೆಯ ಸ್ಲೈಡ್‌ನಲ್ಲಿ 64.90. ಸರಿಯಾಗಿ ಎರಡು ಲಕ್ಷ ಹೆಚ್ಚು. ಅಂಕಿ ತಿರುವುಮುರುವಾಗಿದೆಯೇ, ಬೆರಳು ಜಾರಿ ಎರಡರ ಬದಲು ನಾಲ್ಕು ಬಿತ್ತೇ ಎಂದು ಯೋಚಿಸುತ್ತಾ ಪುಟ ತಿರುಗಿಸುವಾಗ ಮೂಲೆಯ ಸಂಖ್ಯೆ ಕಣ್ಣಿಗೆ ಬಿತ್ತು. ಸ್ಲೈಡ್ 11 ಆದ ಮೇಲೆ 13. ಹನ್ನೆರಡು ಇಲ್ಲ. ಪವರ್‌ಪಾಯಿಂಟ್‌ನಲ್ಲಿ ಒಂದು ಸ್ಲೈಡನ್ನು ಮರೆಮಾಡಿದರೂ ಅದರ ಸಂಖ್ಯೆ ಎಣಿಕೆಯಲ್ಲಿ ಉಳಿಯುತ್ತದೆ, ಪಿಡಿಎಫ್ ಮಾಡುವಾಗ ಬಿಟ್ಟರೆ ನಡುವೆ ಒಂದು ಸಂಖ್ಯೆ ಮಾಯವಾಗುತ್ತದೆ. ಸಲಹೆಗಾರರ ಕಚೇರಿಗೆ ಫೋನ್ ಮಾಡಿ ಕೇಳಿದೆ. "ಹೌದು ಮೇಡಂ, ಅನಿರೀಕ್ಷಿತ ವೆಚ್ಚದ ಸ್ಲೈಡ್ ಅದು. ಸಭೆಯಲ್ಲಿ ಚರ್ಚೆ ಬೇಡ ಎಂದು ಮರೆಮಾಡಿದ್ದೆವು" ಎಂದರು ಆ ಕಡೆಯ ಹುಡುಗ. ಹಣ ಕೇಳುವುದು ನಮ್ಮ ಹೆಸರಿನಲ್ಲಿ, ಅದರಲ್ಲಿ ಎರಡು ಲಕ್ಷ ಯಾತಕ್ಕೆ ಎಂದು ರೈತರಿಗೆ ಕಾಣದಂತೆ ಇಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಅದನ್ನೇ ಅವರಿಗೂ ಹೇಳಿ, ಮೂಲ ಕಡತ ತರಿಸಿಕೊಂಡು, ಪಟ್ಟಿಯಲ್ಲಿ 12ನೇ ಸ್ಲೈಡ್‌ನ ಸಾಲನ್ನು ಸೇರಿಸಿದೆ.

ನನ್ನ ಪಟ್ಟಿಯ ಒಟ್ಟು 64,04,500 ರೂಪಾಯಿ ಆಯಿತು. ಸ್ಲೈಡ್‌ಗಿಂತ 85,500 ಕಡಿಮೆ. ಅದರಲ್ಲಿ 85,000 ಎರಡು ಸಲ ಬಂದ ಸಾಗಣೆ, 500 ಪೂರ್ಣಾಂಕ. ಪಟ್ಟಿಯ ಕೆಳಗೆ ಈ ಎರಡು ಸಾಲನ್ನು ಬರೆದೆ, ಏಕೆಂದರೆ ಬ್ಯಾಂಕಿನವರ ಕೈಯಲ್ಲಿ ಎರಡು ಕಾಗದಗಳೂ ಇರುತ್ತವೆ. ಅಧ್ಯಕ್ಷರು ಕೇಳಿದ್ದೂ ಅದನ್ನೇ: "ಎಂಬತ್ತೈದು ಸಾವಿರ ಎಲ್ಲಿ ಹೋಯಿತಮ್ಮ?" ಆ ಸಾಲಿನ ಮೇಲೆ ಬೆರಳಿಟ್ಟು ದರಪಟ್ಟಿಯನ್ನು ಪಕ್ಕಕ್ಕೆ ಸರಿಸಿದೆ.

ಸಲಹೆಗಾರರು ತಿದ್ದಿದ ಕಡತ ಕಳುಹಿಸುವ ಹೊತ್ತಿಗೆ ಶೀತಲ ಕೊಠಡಿಯ ದರ 12,90,000ಕ್ಕೆ ಏರಿತ್ತು. ಸ್ಲೈಡ್ 8ರಲ್ಲಿ ಹೊಸ ಮೊತ್ತ 26.26 ಲಕ್ಷ ಇತ್ತು. ಕೊನೆಯ ಸ್ಲೈಡ್‌ನ ವೃತ್ತಚಿತ್ರದಲ್ಲಿ ಮಾತ್ರ ಇನ್ನೂ 25.67. ಅದನ್ನು ಚಿತ್ರವಾಗಿ ಅಂಟಿಸಿದ್ದರಿಂದ ಅಂಕಿ ಬದಲಾದರೂ ಅದು ಬದಲಾಗುವಂತಿರಲಿಲ್ಲ. ನಾನು ನನ್ನ ಪಟ್ಟಿಯಲ್ಲಿ ಒಂದು ಚೌಕ ತಿದ್ದಿದೆ, ವ್ಯತ್ಯಾಸದ ಕಂಬ ಕೆಂಪಾಯಿತು. ಕಡತವನ್ನು ಅಂದೇ ಹಿಂದಿರುಗಿಸಿದೆ.