ಬೇರೆಯವರನ್ನು ಬಯ್ಯದೆ ನಮ್ಮ ಎಣ್ಣೆ ಮಾರೋದು ಹೇಗೆ

ಗಾಣದ ಶೇಂಗಾ ಎಣ್ಣೆ ಮಾಡುವವರಿಗೆ ಒಂದು ಸಲಹೆ. ಮೊದಲ ವರ್ಷ ನಾನು ಪೋಸ್ಟರ್‌ನಲ್ಲಿ ‘ರಿಫೈಂಡ್ ವಿಷ ಬಿಡಿ’ ಅಂತ ಹಾಕಿದ್ದೆ. ನಮ್ಮ ದಿನಸಿ ಅಂಗಡಿಯವರು, "ಆ ಎಣ್ಣೆನೂ ನಾನೇ ಮಾರೋದು, ಇದನ್ನ ಹೆಂಗೆ ಅಂಟಿಸ್ಲಿ?" ಅಂದರು. ಅವರು ಹೇಳಿದ್ದು ಸರಿ.

ಹೆಸರು ಹಾಕದಿದ್ದರೆ ಸಾಕು ಅಂದುಕೊಳ್ಳಬೇಡಿ. ಸ್ಪರ್ಧಿಯ ಹೆಸರಿಲ್ಲದಿದ್ದರೂ ಇಡೀ ಬಗೆಯ ಉತ್ಪನ್ನವನ್ನೇ ಕೆಟ್ಟದು ಅಂದರೆ ನಿಂದನೆ ಆಗುತ್ತದೆ. 2004ರಲ್ಲಿ ದೆಹಲಿ ಹೈಕೋರ್ಟ್ ಚ್ಯವನಪ್ರಾಶದ ಜಾಹೀರಾತಿನ ವಿಷಯದಲ್ಲಿ ಹೀಗೇ ಹೇಳಿತ್ತು. ಆಹಾರ ಜಾಹೀರಾತಿನ 2018ರ ಎಫ್‌ಎಸ್‌ಎಸ್‌ಎಐ ನಿಯಮವೂ ಬೇರೆಯವರ ಮಾಲನ್ನು ಕೀಳು ಮಾಡಿ ನಮ್ಮದನ್ನು ಮಾರಬಾರದು ಅನ್ನುತ್ತದೆ.

‘ನಮ್ಮದರಲ್ಲಿ ಕೆಮಿಕಲ್ ಇಲ್ಲ’ ಅನ್ನೋದೂ ಅದೇ ದಾರಿ. ಓದಿದವರಿಗೆ ‘ಹಾಗಾದ್ರೆ ಉಳಿದವರದ್ದರಲ್ಲಿ ಇದೆ’ ಅಂತಲೇ ಕೇಳಿಸುತ್ತದೆ, ಅಲ್ವಾ?

ಈಗ ನನ್ನ ಲೇಬಲ್ ಪಕ್ಕದ ಚೀಟಿಯಲ್ಲಿ ಇರೋದು ಇಷ್ಟೇ: ‘ಮರದ ಗಾಣದಲ್ಲಿ ಅರೆದದ್ದು. ಒಂದು ಲೀಟರ್‌ಗೆ ಸುಮಾರು ಎರಡೂವರೆ ಕೆಜಿ ಶೇಂಗಾ ಬೀಜ ಬೇಕು. ಅರೆದ ತಾರೀಖು ಮುಚ್ಚಳದ ಮೇಲಿದೆ. ತಳದಲ್ಲಿ ಸ್ವಲ್ಪ ಗಸಿ ನಿಲ್ಲಬಹುದು. ಒಗ್ಗರಣೆಗೆ, ಚಟ್ನಿಪುಡಿಗೆ ಚೆನ್ನಾಗಿರುತ್ತದೆ.’

ಬೀಜದ ಲೆಕ್ಕ ಓದಿದ ಮೇಲೆ ‘ಯಾಕಿಷ್ಟು ರೇಟು’ ಅಂತ ಕೇಳೋರು ಕಡಿಮೆ ಆದರು. ಆದರೆ ಆ ಲೆಕ್ಕ ನಿಮ್ಮ ಗಾಣದ್ದೇ ಆಗಿರಲಿ. ನಾಲ್ಕೈದು ಸಲ ತೂಗಿ, ಪುಸ್ತಕದಲ್ಲಿ ಬರೆದಿಡಿ. ಯಾರಾದರೂ ಕೇಳಿದರೆ ತೋರಿಸಬೇಕಲ್ಲ.