ಅವಧಿ ಬಿಟ್ಟು ಬರೆದ ಉತ್ತರಕ್ಕೆ ನಾನು ಬರೆದ ಷರಾ

ದ್ವಿತೀಯ ಪಿಯುಸಿ ಇತಿಹಾಸದ ಪೂರ್ವಸಿದ್ಧತಾ ಪರೀಕ್ಷೆಗೆ ನಾನು ತೆಗೆದ ಪ್ರಶ್ನೆ ಹೀಗಿತ್ತು: ‘1831ರಿಂದ 1881ರವರೆಗಿನ ಅವಧಿಯಲ್ಲಿ ಮೈಸೂರು ಸಂಸ್ಥಾನದ ಆಡಳಿತದಲ್ಲಾದ ಬದಲಾವಣೆಗಳನ್ನು ವಿವರಿಸಿ.’ ಹತ್ತು ಅಂಕ. ‘ಕಮಿಷನರ್’ ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದೆ. ಆ ಎರಡು ಇಸವಿಗಳನ್ನು ನೋಡಿದ ಕೂಡಲೇ ಇದು ಕಮಿಷನರುಗಳ ಆಳ್ವಿಕೆಯ ಪ್ರಶ್ನೆ ಎಂದು ಹೊಳೆಯಬೇಕು ಎಂಬುದೇ ಅದರ ಉದ್ದೇಶ.

ಒಬ್ಬ ವಿದ್ಯಾರ್ಥಿನಿ ಇದಕ್ಕೆ ನಾಲ್ಕು ಪುಟ ಬರೆದಿದ್ದಳು. ಅಕ್ಷರ ದುಂಡಗೆ, ಉಪಶೀರ್ಷಿಕೆಗಳ ಕೆಳಗೆ ಗೆರೆ, ಎಲ್ಲೂ ಚಿತ್ತಿಲ್ಲ. ಮೊದಲ ಪ್ಯಾರಾ ದಿವಾನ್ ರಂಗಾಚಾರ್ಲು ಮತ್ತು ಪ್ರಜಾಪ್ರತಿನಿಧಿ ಸಭೆ. ಎರಡನೆಯದು ಶೇಷಾದ್ರಿ ಅಯ್ಯರ್ ಮತ್ತು ಶಿವನಸಮುದ್ರದ ವಿದ್ಯುತ್. ಅಲ್ಲಿಂದ ಮುಂದೆ ಒಂದೂವರೆ ಪುಟ ವಿಶ್ವೇಶ್ವರಯ್ಯನವರೇ: ಕನ್ನಂಬಾಡಿ ಕಟ್ಟೆ, ಮೈಸೂರು ಬ್ಯಾಂಕ್, ವಿಶ್ವವಿದ್ಯಾನಿಲಯ. ಅವೆಲ್ಲ ಮುಗಿದ ಮೇಲೆ, ನೆನಪಾದದ್ದನ್ನು ಬಿಡಬಾರದೆಂಬಂತೆ, ಕಮಿಷನರ್ ಮಾರ್ಕ್ ಕಬ್ಬನ್ ಬಗ್ಗೆ ಐದಾರು ಸಾಲು. ಕೊನೆಗೆ ಮಿರ್ಜಾ ಇಸ್ಮಾಯಿಲ್. ಅಂಕ ಸಿಕ್ಕಿದ್ದು ಕಬ್ಬನ್ ಪ್ಯಾರಾಕ್ಕೆ ಮಾತ್ರ, ಹತ್ತಕ್ಕೆ ಮೂರು.

ಉತ್ತರ ಪತ್ರಿಕೆ ಕೈಗೆ ಬಂದ ದಿನ ಅವಳು ಕೇಳಿದ್ದು ಒಂದೇ ಮಾತು: “ಸರ್, ಬರೆದದ್ದರಲ್ಲಿ ತಪ್ಪೇನಿದೆ?” ನ್ಯಾಯವಾದ ಪ್ರಶ್ನೆ. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ‘ಅವಧಿ ಗಮನಿಸಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಎರಡು ಪದ ಗೀಚಿಬಿಡುವುದು ನಮ್ಮಲ್ಲಿ ರೂಢಿ. ಆದರೆ ಆ ಎರಡು ಪದ ಓದಿದ ಹುಡುಗಿಗೆ ಅರ್ಥವಾಗುವುದು ‘ಸರ್ ಸಣ್ಣ ಕಾರಣಕ್ಕೆ ಏಳು ಅಂಕ ಕತ್ತರಿಸಿದರು’ ಎಂದು ಮಾತ್ರ. ಸರಿಯಾದ ಸಂಗತಿ ಅಂಕ ತರದೆ ಹೋಗಲು ಕಾರಣವೇನೆಂದು ಅವಳಿಗೆ ಕಣ್ಣಿಗೆ ಕಾಣುವಂತೆ ತೋರಿಸಬೇಕಿತ್ತು.

ಹಾಗಾಗಿ ಷರಾ ಬರೆಯುವ ಮೊದಲು ಪೆನ್ಸಿಲ್ ತೆಗೆದುಕೊಂಡು ಪ್ರತಿ ಪ್ಯಾರಾದ ಪಕ್ಕದ ಅಂಚಿನಲ್ಲಿ ಆ ಸಂಗತಿ ನಡೆದ ಇಸವಿಯನ್ನಷ್ಟೇ ಬರೆದೆ. ಸರಿ, ತಪ್ಪು ಎಂಬ ಯಾವ ಗುರುತೂ ಇಲ್ಲ. ಪ್ರಜಾಪ್ರತಿನಿಧಿ ಸಭೆ 1881, ಶಿವನಸಮುದ್ರ 1902, ಕನ್ನಂಬಾಡಿಯ ಕೆಲಸ ಶುರುವಾದದ್ದು 1911, ಬ್ಯಾಂಕ್ 1913, ವಿಶ್ವವಿದ್ಯಾನಿಲಯ 1916, ಕಬ್ಬನ್ 1834ರಿಂದ 1861, ಮಿರ್ಜಾ ಇಸ್ಮಾಯಿಲ್ ದಿವಾನರಾದದ್ದು 1926. ಮೇಲಿನಿಂದ ಕೆಳಕ್ಕೆ ಆ ಅಂಕಿಗಳನ್ನಷ್ಟೇ ಓದಿದರೆ ಸಾಕು, ಪ್ರಶ್ನೆಯ ಐವತ್ತು ವರ್ಷಗಳ ಒಳಗೆ ಎಷ್ಟು ಬಿದ್ದಿದೆ, ಹೊರಗೆ ಎಷ್ಟು ಬಿದ್ದಿದೆ ಎಂಬುದು ಯಾರೂ ಹೇಳದೆ ತಿಳಿಯುತ್ತದೆ. ಆಮೇಲೆ ಉತ್ತರದ ಕೊನೆಯಲ್ಲಿ ಖಾಲಿ ಉಳಿದ ಜಾಗದಲ್ಲಿ ಇದನ್ನು ಬರೆದೆ:

“ನೋಡಮ್ಮ, ನೀನು ಬರೆದ ಯಾವ ಸಂಗತಿಯೂ ಸುಳ್ಳಲ್ಲ. ‘ದಿವಾನರ ಕಾಲದ ಮೈಸೂರು’ ಎಂಬ ಪ್ರಶ್ನೆಗೆ ಇದೇ ಉತ್ತರಕ್ಕೆ ಏಳೆಂಟು ಅಂಕ ಕೊಡುತ್ತಿದ್ದೆ. ಇಲ್ಲಿ ಕೇಳಿದ್ದು 1831ರಿಂದ 1881. ಅಂಚಿನಲ್ಲಿ ನಾನು ಬರೆದ ಇಸವಿಗಳನ್ನು ಒಮ್ಮೆ ಓದು. ಈ ಅವಧಿಯೊಳಗೆ ಪೂರ್ತಿಯಾಗಿ ಬರುವುದು ಕಬ್ಬನ್ ಪ್ಯಾರಾ ಒಂದೇ. ಮೂರು ಅಂಕ ಅದರದ್ದು.

“ಈ ಎರಡು ಇಸವಿಗಳು ಎಲ್ಲಿಂದ ಬಂದವು ಎಂದು ಕೇಳಿಕೋ. 1831ರಲ್ಲಿ, ನಗರ ಸೀಮೆಯ ರೈತರ ದಂಗೆಯ ಬೆನ್ನಲ್ಲೇ, ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1881ರ ಮಾರ್ಚ್‌ನಲ್ಲಿ ಅದನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ನಡುವೆ ಆಳಿದವರು ಕಮಿಷನರುಗಳು. ಇಷ್ಟು ಹೊಳೆದಿದ್ದರೆ ವಿಶ್ವೇಶ್ವರಯ್ಯನವರ ಹೆಸರು ನಿನ್ನ ಲೇಖನಿಗೆ ಬರುತ್ತಲೇ ಇರಲಿಲ್ಲ.

“ಕಬ್ಬನ್ ಬಗ್ಗೆ ನೀನು ರಸ್ತೆ, ತೆರಿಗೆ ಎಂದು ಎರಡೇ ಮಾತಿನಲ್ಲಿ ಮುಗಿಸಿದ್ದೀಯೆ. ನಾಲ್ಕು ವಿಭಾಗಗಳ ಆಡಳಿತ, ಬೆಂಗಳೂರು ಆಡಳಿತ ಕೇಂದ್ರವಾದದ್ದು, ಸಣ್ಣಪುಟ್ಟ ತೆರಿಗೆಗಳನ್ನು ರದ್ದು ಮಾಡಿದ್ದು, 1857ರ ಶಿಕ್ಷಣ ಇಲಾಖೆ, ಇವೆಲ್ಲ ನಿನಗೆ ಗೊತ್ತು, ಕಿರುಪರೀಕ್ಷೆಯಲ್ಲಿ ಬರೆದಿದ್ದೆ. ಕಬ್ಬನ್ ನಂತರ ಕಮಿಷನರ್ ಆದ ಬೌರಿಂಗ್ ಹೆಸರೇ ಬಂದಿಲ್ಲ. ಜಿಲ್ಲೆಗಳ ಪುನರ್ವಿಂಗಡಣೆ, 1863ರ ಭೂಮಾಪನ ಮತ್ತು ಕಂದಾಯ ವ್ಯವಸ್ಥೆ, ಅಠಾರಾ ಕಚೇರಿ ಅವನ ಕಾಲದವು. ಕನ್ನಂಬಾಡಿಗೆ ಕೊಟ್ಟ ಅರ್ಧ ಪುಟವನ್ನು ಇವಕ್ಕೆ ಕೊಟ್ಟಿದ್ದರೆ ಸಾಕಿತ್ತು.

“ನಾಳೆ ಪೂರ್ತಿ ಉತ್ತರ ಬೇಡ. ಮೊದಲ ಪ್ಯಾರಾ ಒಂದನ್ನು ಬರೆ. ಅದರ ಕೆಳಗೆ ಉಳಿದ ಪ್ಯಾರಾಗಳ ಉಪಶೀರ್ಷಿಕೆಗಳನ್ನು, ಪ್ರತಿಯೊಂದರ ಮುಂದೆ ಅದರ ಇಸವಿಯೊಂದಿಗೆ, ಬರೆದುಕೊಂಡು ಬಾ.”

ಈ ಷರಾದಲ್ಲಿ ನಾನು ಹೆಚ್ಚು ಯೋಚಿಸಿದ್ದು ಮೂರನೆಯ ಪ್ಯಾರಾದ ಬಗ್ಗೆ. ಅವಧಿ ಮೀರಿ ಬರೆಯುವವರಿಗೆ ವಿಷಯ ಗೊತ್ತಿಲ್ಲ ಎಂದು ನಾವು ಸುಲಭವಾಗಿ ಭಾವಿಸುತ್ತೇವೆ. ಅವಳ ಹಳೆಯ ಕಿರುಪರೀಕ್ಷೆಯ ಹಾಳೆ ತೆಗೆದು ನೋಡಿದಾಗ ಕಬ್ಬನ್ ಆಡಳಿತದ ಅಂಶಗಳೆಲ್ಲ ಅದರಲ್ಲಿ ಸಾಲಾಗಿದ್ದವು. ಗೊತ್ತಿದ್ದದ್ದನ್ನೇ ಅವಳು ಬರೆಯದೆ ಹೋದಳು. ‘ಮೈಸೂರು ಸಂಸ್ಥಾನ’ ಮತ್ತು ‘ಆಡಳಿತ’ ಎಂಬ ಎರಡು ಪದ ಕಂಡ ಕೂಡಲೇ ಹೆಚ್ಚು ಬಾಯಿಪಾಠವಾದ ಅಧ್ಯಾಯ ಹೊರಗೆ ಬಂತು, ಇಸವಿಗಳ ಮೇಲೆ ಕಣ್ಣು ನಿಲ್ಲಲಿಲ್ಲ. ನಮ್ಮ ಮಕ್ಕಳಿಗೆ ಹೆಚ್ಚು ಬಾಯಿಪಾಠವಾಗಿರುವುದು ಯಾವಾಗಲೂ ವಿಶ್ವೇಶ್ವರಯ್ಯನವರೇ. ಅದಕ್ಕೆ ಮಕ್ಕಳನ್ನು ದೂರುವಂತಿಲ್ಲ. ವಿಷಯ ಗೊತ್ತಿಲ್ಲದವಳಿಗೆ ಪಾಠವನ್ನು ಮತ್ತೆ ಓದು ಎನ್ನಬೇಕು. ಇವಳಿಗೆ ಹಾಗೆಂದಿದ್ದರೆ ದಿವಾನರ ಅಧ್ಯಾಯವನ್ನು ಇನ್ನೊಮ್ಮೆ ಓದಿ ಬರುತ್ತಿದ್ದಳು.

ಇಸವಿಗಳನ್ನು ಓದುವುದರಲ್ಲಿ ಬೇರೆ ತೊಡಕೂ ಇದೆ. ಅದೇ ತರಗತಿಯಲ್ಲಿ ಇನ್ನೊಬ್ಬ ಹುಡುಗ, ಹತ್ತೊಂಬತ್ತನೆಯ ಶತಮಾನ ಎಂದರೆ ಸಾವಿರದ ಒಂಬೈನೂರರಿಂದ ಆಚೆ ಎಂದುಕೊಂಡಿದ್ದ. ‘ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧ’ ಎಂದು ಪ್ರಶ್ನೆ ಬಂದಿದ್ದರೆ ಅವನು ಪ್ರಾಮಾಣಿಕವಾಗಿಯೇ ನೂರು ವರ್ಷ ಮುಂದೆ ಹೋಗುತ್ತಿದ್ದ. ಅವನ ಹಾಳೆಯಲ್ಲಿ ನಾನು ಬರೆಯುವುದೇ ಬೇರೆ: ಮಾತಿನಲ್ಲಿ ಕೊಟ್ಟ ಅವಧಿಯನ್ನು ಮೊದಲು ಅಂಕಿಯಾಗಿಸಿ, 1851ರಿಂದ 1900 ಎಂದು ಪ್ರಶ್ನೆಯ ಮೇಲೇ ಬರೆದುಕೊಳ್ಳಬೇಕು ಎಂದು. ಇಬ್ಬರೂ ಕಳೆದುಕೊಂಡದ್ದು ಅಂಕವನ್ನೇ ಆದರೂ ಒಬ್ಬಳು ಇಸವಿಯನ್ನು ನೋಡಲಿಲ್ಲ, ಇನ್ನೊಬ್ಬನಿಗೆ ಲೆಕ್ಕ ತಿಳಿದಿರಲಿಲ್ಲ. ಒಂದೇ ಷರಾವನ್ನು ಇಬ್ಬರಿಗೂ ಬರೆದರೆ ಒಬ್ಬರಿಗಂತೂ ಉಪಯೋಗವಿಲ್ಲ.

ಮರುದಿನ ಅವಳು ಪ್ಯಾರಾ ಬರೆದು ತಂದಳು, ಜೊತೆಗೆ ಒಂದು ವಾದವನ್ನೂ ತಂದಳು. “ಪ್ರಜಾಪ್ರತಿನಿಧಿ ಸಭೆ 1881ರಲ್ಲೇ ಅಲ್ಲವೇ ಸರ್? ಪ್ರಶ್ನೆಯಲ್ಲೂ 1881 ಎಂದಿದೆ.” ಇಂತಹ ವಾದ ನನಗೆ ಇಷ್ಟ, ಏಕೆಂದರೆ ಅವಳು ಈಗ ಇಸವಿಯನ್ನು ನೋಡುತ್ತಿದ್ದಾಳೆ ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಸಭೆ ಮೊದಲ ಸಲ ಸೇರಿದ್ದು ಆ ವರ್ಷದ ಅಕ್ಟೋಬರ್ 7ರಂದು, ಮೈಸೂರಿನ ದಸರಾ ಸಮಯದಲ್ಲಿ. ಅಧಿಕಾರ ಒಡೆಯರ ಕೈಗೆ ಬಂದದ್ದು ಮಾರ್ಚ್ 25ರಂದು. ಪ್ರಶ್ನೆಯ 1881 ಆ ಮಾರ್ಚ್ ತಿಂಗಳದ್ದು. ಆದ್ದರಿಂದ ಸಭೆ ಅವಧಿಯ ಬಾಗಿಲಾಚೆಗೆ ನಿಲ್ಲುತ್ತದೆ. ಆದರೂ ಕೊನೆಯ ಪ್ಯಾರಾದಲ್ಲಿ ‘ಹೀಗೆ ಹಿಂದಿರುಗಿದ ಆಡಳಿತದಲ್ಲಿ ಅದೇ ವರ್ಷ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು’ ಎಂಬ ಒಂದು ವಾಕ್ಯ ಬಂದರೆ ಯಾವ ಮೌಲ್ಯಮಾಪಕರೂ ಬೇಡ ಎನ್ನುವುದಿಲ್ಲ. ಅದು ಒಂದು ಪ್ಯಾರಾ ಆದಾಗ ತೊಂದರೆ. ಹಿನ್ನೆಲೆಗೂ ಇದೇ ಅಳತೆ: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಒಡೆಯರಿಗೆ ಗದ್ದುಗೆ ಸಿಕ್ಕಿದ್ದನ್ನು ಒಂದು ವಾಕ್ಯದಲ್ಲಿ ಹೇಳಿ 1831ಕ್ಕೆ ಬಂದುಬಿಡಬೇಕು.

ಅವಧಿಯ ಗೆರೆಯ ಮೇಲೆ ಕಾಲಿಟ್ಟು ನಿಂತ ಸಂಗತಿಗಳೂ ಇರುತ್ತವೆ. ಬೆಂಗಳೂರು–ಮೈಸೂರು ರೈಲುಮಾರ್ಗದ ಕೆಲಸ 1876–78ರ ಘೋರ ಕ್ಷಾಮದ ಹೊತ್ತಿನಲ್ಲಿ ಆರಂಭವಾಯಿತು, ಹಳಿ ಮೈಸೂರು ಮುಟ್ಟಿ ಕೆಲಸ ಮುಗಿದದ್ದು 1882ರ ಹೊತ್ತಿಗೆ. ಆರಂಭವನ್ನು ಕ್ಷಾಮದೊಂದಿಗೆ ಸೇರಿಸಿ ಬರೆದರೆ ಅದು ಅವಧಿಯೊಳಗಿನ ಮಾತು. ‘1882ರಲ್ಲಿ ರೈಲು ಬಂತು’ ಎಂದು ಮಾತ್ರ ಬರೆದರೆ ಹೊರಗಿನದು. ಯಾವ ತುದಿಯನ್ನು ಹಿಡಿಯಬೇಕೆಂದು ಅವಳಿಗೆ ಹೇಳಿಕೊಡಬೇಕಾಯಿತು. ಅಂಚಿನಲ್ಲಿ ಒಂದೇ ಇಸವಿ ಬರೆಯುವ ನನ್ನ ಪದ್ಧತಿಯಿಂದ ಇದು ತಾನಾಗಿ ಹೊಳೆಯುವುದಿಲ್ಲ.

ಇನ್ನು ಅವಳ ಪಟ್ಟಿ. ಉಪಶೀರ್ಷಿಕೆಗಳೆಲ್ಲ ಐವತ್ತು ವರ್ಷಗಳ ಒಳಗೇ ಇದ್ದವು, ಒಂದೂ ಆಚೀಚೆ ಆಗಿರಲಿಲ್ಲ. ಆದರೆ ‘ಕಬ್ಬನ್‌ನ ಸುಧಾರಣೆಗಳು’ ಎಂಬ ತಲೆಬರಹದ ಕೆಳಗೆ 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ಬಂದ ರೈಲು, 1868ರ ಅಠಾರಾ ಕಚೇರಿ, 1870ರ ಕಬ್ಬನ್ ಪಾರ್ಕ್ ಎಲ್ಲವೂ ಸೇರಿಕೊಂಡಿದ್ದವು. ಕಬ್ಬನ್ ಕಾಲವಾದದ್ದು 1861ರಲ್ಲಿ. ಉದ್ಯಾನಕ್ಕೆ ಅವನ ಹೆಸರಿದೆ ಎಂದು ಅದನ್ನು ಅವನೇ ಮಾಡಿಸಿದ ಎಂದುಕೊಳ್ಳುವುದು ಬೆಂಗಳೂರಿನ ದೊಡ್ಡವರಲ್ಲೂ ಇದೆ, ಅವಳೊಬ್ಬಳನ್ನು ಅನ್ನಬೇಕಾಗಿಲ್ಲ. ಆದರೆ ಅವಳೇ ಬರೆದ ಇಸವಿಗಳು ಪಕ್ಕದಲ್ಲೇ ಇದ್ದವು. ನಾನು ಸರಿ ಮಾಡಿ ಕೊಡಲಿಲ್ಲ. ಕಬ್ಬನ್ 1834–61, ಬೌರಿಂಗ್ 1862–70 ಎಂದು ಹಾಳೆಯ ತಲೆಯ ಮೇಲೆ ಬರೆದು, “ಈಗ ಒಂದೊಂದರ ಮುಂದೆ ಯಾರ ಕಾಲದ್ದು ಎಂದು ಬರೆ” ಎಂದು ಹಿಂದಕ್ಕೆ ಕೊಟ್ಟೆ. ಅಲ್ಲೇ ಬೆಂಚಿನ ಮೇಲೆ ಕೂತು ರೈಲನ್ನೂ ಅಠಾರಾ ಕಚೇರಿಯನ್ನೂ ಬೌರಿಂಗ್ ಕೆಳಗೆ ಇಳಿಸಿದಳು. 1870ರ ಪಾರ್ಕಿನ ಮುಂದೆ ಮಾತ್ರ ಪ್ರಶ್ನೆಚಿಹ್ನೆ ಹಾಕಿಟ್ಟಳು, ಏಕೆಂದರೆ ಆ ವರ್ಷ ಬೌರಿಂಗ್ ಹೋಗಿ ಮೀಡ್ ಬಂದಿದ್ದ. ಆ ಪ್ರಶ್ನೆಚಿಹ್ನೆಯನ್ನು ನಾನು ಹಾಗೆಯೇ ಬಿಟ್ಟೆ. ಪರೀಕ್ಷೆಯಲ್ಲಿ ಅದನ್ನು ಬರೆಯದಿದ್ದರೂ ನಡೆಯುತ್ತದೆ, ಅದು ಆಡಳಿತದ ಬದಲಾವಣೆಯೇನೂ ಅಲ್ಲವಲ್ಲ.